ಮೂಲೆಯ ಕಿತ್ತಳೆ ತಾರೀಖು

ತಂಗಿಯ ಮದುವೆ ಫೋಟೊದಲ್ಲಿರುವ ಆ ಕಿತ್ತಳೆ ಅಂಕಿಗಳನ್ನು ಕ್ಯಾಮೆರಾವೇ ಬೆಳಕಿನಿಂದ ಫಿಲ್ಮಿನ ಮೇಲೆ ಬರೆದಿದೆ. ಮತ್ತೆ ಸ್ಕ್ಯಾನ್ ಮಾಡಿಸಿದರೂ ಹೋಗದು. ಕ್ರಾಪ್ ಮಾಡಿ. ಅದಕ್ಕೂ ಮೊದಲು ಫೈಲಿನ ಇನ್ನೊಂದು ಪ್ರತಿ ಮಾಡಿ, ತಾರೀಖನ್ನು ಫೈಲಿನ ಹೆಸರಿನಲ್ಲೇ ಬರೆದಿಡಿ.

ಅಂಕಿಗಳ ಸಾಲು ಉದ್ದ, ಎತ್ತರ ಕಮ್ಮಿ. ಹಾಗಾಗಿ ಬಲಗಡೆಯಿಂದಲ್ಲ, ಕೆಳಗಿನಿಂದ ಕತ್ತರಿಸಿದರೆ ನಷ್ಟ ಕಡಿಮೆ. ನಿಮ್ಮ ಸ್ಕ್ಯಾನ್ 1800×1200 ಪಿಕ್ಸೆಲ್ ಎಂದಿದ್ದೀರಿ. ಕೆಳಗೆ 100 ತೆಗೆದರೆ ಎತ್ತರ 1100. 3:2 ಅನುಪಾತ ಉಳಿಯಲು ಅಗಲ 1650 ಆಗಬೇಕು. ಆ 150ನ್ನು ಬರೀ ಗೋಡೆ ಕಾಣುವ ಎಡಗಡೆಯಿಂದ ತೆಗೆಯಿರಿ. 6×4 ಇಂಚಿನ ಪ್ರಿಂಟಿಗೆ ಇಷ್ಟು ಧಾರಾಳ ಸಾಕು.

ಅಂಕಿಗಳ ಸುತ್ತ ಮಸುಕು ಕಿತ್ತಳೆ ಬಣ್ಣ ಹರಡಿರುತ್ತದೆ. ದೊಡ್ಡದು ಮಾಡಿ ನೋಡಿ, ಉಳಿದಿದ್ದರೆ ಇನ್ನೂ ತುಸು ಮೇಲಕ್ಕೆ ಸರಿಸಿ. ಮದುಮಕ್ಕಳ ಪಾದವೇ ತುಂಡಾಗುವಂತಿದ್ದರೆ ಮಾತ್ರ ಬೇಡ, ತಾರೀಖೇ ಇರಲಿ.