ರೀಲ್ಸ್ ನೋಡಿ ಕಸರತ್ತು ಮಾಡುವ ಮಕ್ಕಳಿಗೆ

ಗರಡಿಮನೆಯಲ್ಲಿ ಉಸ್ತಾದರು ಎದುರಿಗೇ ನಿಂತಿರುತ್ತಿದ್ದರು. ಯಾರಿಗೆ ಎಷ್ಟು ದಂಡ, ಎಷ್ಟು ಬಸ್ಕಿ ಎಂಬುದನ್ನು ಹುಡುಗನ ಮೈ ನೋಡಿ ಹೇಳುತ್ತಿದ್ದರು. ತೋಳು ಸೋತದ್ದು ಕಂಡರೆ, "ಇವತ್ತಿಗೆ ಸಾಕು, ಏಳು" ಎನ್ನುತ್ತಿದ್ದರು. ಇಂದು ನಿಮಗೆ ಪಾಠ ಹೇಳುವವನು ಮೊಬೈಲಿನೊಳಗಿದ್ದಾನೆ. ಅವನು ನಿಮ್ಮನ್ನು ಕಂಡೇ ಇಲ್ಲ. ಹಾಗಾಗಿ ಉಸ್ತಾದರ ಆ ಕೆಲಸ ಈಗ ನಿಮ್ಮ ಪಾಲಿಗೆ ಬಂದಿದೆ.

ಅವನ ಮೈಕಟ್ಟು ನೋಡಿ ಮರುಳಾಗುವ ಮೊದಲು ಇದನ್ನು ಕೇಳಿ. 1996ರಲ್ಲಿ ಅಮೆರಿಕದಲ್ಲಿ ಶಲೇಂದರ್ ಭಾಸಿನ್ ಅವರ ತಂಡ ಒಂದು ಅಧ್ಯಯನ ಪ್ರಕಟಿಸಿತು. ಕೆಲವರಿಗೆ ಹತ್ತು ವಾರ ದೊಡ್ಡ ಪ್ರಮಾಣದಲ್ಲಿ ಟೆಸ್ಟೋಸ್ಟೆರಾನ್ ಚುಚ್ಚಿದರು. ಅವರಲ್ಲಿ ಕಸರತ್ತನ್ನೇ ಮಾಡದವರಿಗೂ ಕೊಬ್ಬು ಬಿಟ್ಟು ಉಳಿದ ಮೈತೂಕ ಸರಾಸರಿ 3 ಕಿಲೋದಷ್ಟು ಏರಿತು. ಔಷಧವಿಲ್ಲದೆ ಭಾರ ಎತ್ತಿದವರಿಗೆ ಏರಿದ್ದು 2 ಕಿಲೋದಷ್ಟು. ತೆರೆಯ ಮೇಲಿನ ಎಲ್ಲರೂ ಔಷಧ ತೆಗೆದುಕೊಳ್ಳುತ್ತಾರೆಂದು ನಾನು ಹೇಳುತ್ತಿಲ್ಲ. ಯಾರು ತೆಗೆದುಕೊಂಡಿದ್ದಾರೆಂದು ನೋಡಿದ ಮಾತ್ರಕ್ಕೆ ತಿಳಿಯುವುದಿಲ್ಲ. ಆದ್ದರಿಂದ ಅವನ ಮೈಕಟ್ಟನ್ನು ಅವನ ವಿಧಾನಕ್ಕೆ ಸಾಕ್ಷಿಯೆಂದು ನಂಬಬೇಡಿ.

ನನಗೆ ಗೊತ್ತಿರುವ ಹುಡುಗನೊಬ್ಬ ಬೆಳಗ್ಗೆ ಒಂಬತ್ತಕ್ಕೆ ಆಫೀಸಿಗೆ ಹೋದರೆ ಮನೆ ಸೇರುವುದು ರಾತ್ರಿ ಎಂಟಕ್ಕೆ. ರೀಲ್ಸ್ ನೋಡಿ ವಾರಕ್ಕೆ ಆರು ದಿನದ ಪ್ಲಾನ್ ಹಿಡಿದಿದ್ದ. ಸೋಮವಾರ ಎದೆಗೊಂದಕ್ಕೇ 24 ಸೆಟ್. ಕೊನೆಯ ಹತ್ತು ಸೆಟ್‌ಗಳಲ್ಲಿ ಭಾರ ಇಳಿಸುತ್ತ, ಸುಮ್ಮನೆ ಲೆಕ್ಕ ತುಂಬಿಸುತ್ತಿದ್ದ. ಮಲಗುವಾಗ ಹನ್ನೆರಡೂವರೆ. ಎರಡು ತಿಂಗಳಾದರೂ ಬೆಂಚ್ ಪ್ರೆಸ್ 60 ಕಿಲೋ ದಾಟಲಿಲ್ಲ. ಎಂಟು ಸಲ ಎತ್ತುತ್ತಿದ್ದವನು ಆರಕ್ಕೆ ಇಳಿದ, ಭುಜದಲ್ಲಿ ನೋವು ಕಾಣಿಸಿತು.

ಕಸರತ್ತು ಸ್ನಾಯುವಿಗೆ ಬೆಳೆಯುವ ಸೂಚನೆ ಕೊಡುತ್ತದೆ. ಆ ಸೂಚನೆಯ ಬಿಸಿ ಒಂದೆರಡು ದಿನದಲ್ಲಿ ಆರುತ್ತದೆ. ಒಂದೇ ದಿನ 24 ಸೆಟ್ ಹೊಡೆದು ವಾರವಿಡೀ ಕಾಯುವ ಬದಲು ಎದೆಗೆ ಸೋಮವಾರ ಆರು, ಗುರುವಾರ ಆರು ಸೆಟ್ ಮಾಡಿ. ವಾರಕ್ಕೆ ನಾಲ್ಕೇ ದಿನ ಸಾಕು: ಎರಡು ದಿನ ಮೈಯ ಮೇಲ್ಭಾಗಕ್ಕೆ, ಎರಡು ದಿನ ಕಾಲುಗಳಿಗೆ, ದಿನಕ್ಕೆ ಒಂದು ಗಂಟೆ. ಇನ್ನೊಂದೆರಡು ಸಲ ಎತ್ತಬಹುದು ಎನಿಸಿದಾಗ ಸೆಟ್ ನಿಲ್ಲಿಸಿ. ಆ ಹುಡುಗನೂ ಹೀಗೆ ಬದಲಿಸಿಕೊಂಡ. ನೋವು ಇಳಿಯುವವರೆಗೆ ಭಾರ ತಗ್ಗಿಸಿ, ಮತ್ತೆ ನಿಧಾನವಾಗಿ ಏರಿಸಿದ.

ಗರಡಿಯಲ್ಲಿ ಉಸ್ತಾದರ ನೆನಪೇ ಲೆಕ್ಕದ ಪುಸ್ತಕವಾಗಿತ್ತು. ನೀವು ಒಂದು ನೋಟ್‌ಬುಕ್ ಇಟ್ಟುಕೊಳ್ಳಿ. ಎತ್ತಿದ ಭಾರ, ಎಷ್ಟು ಸಲ, ಎಷ್ಟು ಗಂಟೆ ನಿದ್ದೆ, ಇಷ್ಟೇ ಬರೆಯಿರಿ. ಒಂದು ಕಸರತ್ತಿನ ಎಲ್ಲ ಸೆಟ್‌ಗಳಲ್ಲೂ ಹತ್ತು ಸಲ ಸಲೀಸಾಗಿ ಬಂದರೆ ಎರಡೂವರೆ ಕಿಲೋ ಏರಿಸಿ. ನಾಲ್ಕಾರು ವಾರ ಅಂಕಿ ಅಲ್ಲೇ ನಿಂತಿದ್ದರೆ ಸೆಟ್ ಹೆಚ್ಚಿಸುವ ಮೊದಲು ನಿದ್ದೆ, ಊಟ ನೋಡಿಕೊಳ್ಳಿ. 70 ಕಿಲೋ ತೂಕದವರಿಗೆ ದಿನಕ್ಕೆ ಸುಮಾರು 110 ಗ್ರಾಂ ಪ್ರೋಟೀನ್ ಸಾಕು. ಬರೀ ಅನ್ನ ಸಾರಿನಲ್ಲಿ ಅಷ್ಟು ಸಿಗುವುದಿಲ್ಲ. ಮೊಟ್ಟೆ, ಮೊಸರು, ಕಾಳು, ಪನೀರ್ ಜೊತೆಗಿರಲಿ.

ರಾತ್ರಿ ಏಳು ಗಂಟೆ ನಿದ್ದೆಗೆ ಜಾಗ ಬಿಡದ ಪ್ಲಾನ್ ಯಾರು ಕೊಟ್ಟಿದ್ದರೂ ಅದು ನಿಮ್ಮದಲ್ಲ. ಅದರಲ್ಲಿ ಎರಡು ದಿನ ಇವತ್ತೇ ಹೊಡೆದುಹಾಕಿ.