ಜ್ವರಪ್ರಕರಣಗಳ ಲೈನ್ ಲಿಸ್ಟ್: ಅರಳಗುಪ್ಪೆಯ ಕಲ್ಪಿತ ನಿದರ್ಶನ

1. ರೋಗಿಗೊಂದು ಸಾಲು, ಅಂಶಕ್ಕೊಂದು ಕಾಲಂ ಎಂಬ ನಿಯಮದಿಂದ ಗ್ರಾಮ, ವಯಸ್ಸು, ಜ್ವರಾರಂಭದ ದಿನಾಂಕ, ಲಕ್ಷಣಗಳನ್ನು ಬರೆದ ಪಟ್ಟಿಯೇ ಲೈನ್ ಲಿಸ್ಟ್.

2. ಅತ್ಯಂತ ಗೊಂದಲದ ಅಂಶ ಜ್ವರಾರಂಭದ ದಿನಾಂಕ: ಅರಳಗುಪ್ಪೆಯ ತೆಂಗಿನ ತೋಟದ ಕಾರ್ಮಿಕನೊಬ್ಬನಿಗೆ ಶನಿವಾರ ಜ್ವರ ಕಾಣಿಸಿಕೊಂಡು, ಅವನು ಸೋಮವಾರ ತಿಪಟೂರಿನ ಆಸ್ಪತ್ರೆಗೆ ಬಂದನಾದರೆ, ಈ ಪಟ್ಟಿಯಿಂದ ಬರೆಯುವ ಸಾಂಕ್ರಾಮಿಕ ವಕ್ರರೇಖೆಯಲ್ಲಿ ಅವನ ಸ್ಥಾನ ಶನಿವಾರವೇ ಹೊರತು ಸೋಮವಾರವಲ್ಲ. ಭಾನುವಾರಗಳು ಬರಿದಾಗಿ ಸೋಮವಾರಗಳಲ್ಲಿ ಶಿಖರವೆದ್ದರೆ, ನೋಂದಣಿಯ ದಿನವನ್ನೇ ಬರೆದಿರುವರೆಂದು ಶಂಕಿಸತಕ್ಕದ್ದು.

3. ಜ್ವರ, ಕೀಲುನೋವು, ದದ್ದುಗಳಿಗೆ ಪ್ರತ್ಯೇಕ ಕಾಲಂಗಳಲ್ಲಿ ‘ಹೌದು’, ‘ಇಲ್ಲ’, ‘ತಿಳಿಯದು’ ಎಂದೇ ಬರೆಯಬೇಕು. ಖಾಲಿ ಮನೆಯನ್ನು ‘ಇಲ್ಲ’ವೆಂದು ಎಣಿಸಲಾಗದು.

4. ಗ್ರಾಮವೆಂದರೆ ವಾಸದ ಊರು, ಆಸ್ಪತ್ರೆಯ ಊರಲ್ಲ. ಕಾಗುಣಿತ ಎಲ್ಲೆಡೆ ಒಂದೇ ಇರಲಿ.

5. ವಕ್ರರೇಖೆಯ ಅಡ್ಡ ಅಕ್ಷ: ಜ್ವರಾರಂಭದ ದಿನಾಂಕ; ಲಂಬ ಅಕ್ಷ: ಹೊಸ ಪ್ರಕರಣಗಳು. ಕಂಬಗಳ ನಡುವೆ ತೆರಪಿಲ್ಲ. ಪ್ರಕರಣವಿಲ್ಲದ ದಿನವನ್ನೂ ಅಕ್ಷದಲ್ಲಿ ಉಳಿಸಬೇಕು.

6. ಶಂಕೆ ಡೆಂಗಿಯದಾದರೆ, ಅದರ ಸುಪ್ತಾವಧಿ ಸಾಮಾನ್ಯವಾಗಿ 4ರಿಂದ 10 ದಿನ. ಆದುದರಿಂದ ಕಂಬದ ಅಗಲ 1 ಅಥವಾ 2 ದಿನವಿರಲಿ, ವಾರವಾದರೆ ಏರಿಳಿತ ಮರೆಯಾಗುವುದು.