ಪುಣೆಯೋ, ಹೈದರಾಬಾದೋ, ಇದ್ದ ಬೆಂಗಳೂರೋ? ನೌಕರಿಗಾಗಿ ಊರು ಬದಲಿಸುವ ಮುನ್ನ ಏಳು ಸೂತ್ರಗಳು

ಪುಣೆಯಿಂದ ನೌಕರಿಯ ಆಫರ್ ಬಂದ ದಿನ ಮನೆಯಲ್ಲಿ ಚರ್ಚೆ ಶುರುವಾಗುತ್ತದೆ. ಒಬ್ಬರು ಸಂಬಳ ಎನ್ನುತ್ತಾರೆ, ಇನ್ನೊಬ್ಬರು ಮಗುವಿನ ಶಾಲೆ ಎನ್ನುತ್ತಾರೆ, ಊರಿನಿಂದ ಅವ್ವ ಫೋನ್ ಮಾಡಿ "ಭಾಳ ದೂರ ಆಗ್ತದಪಾ" ಎನ್ನುತ್ತಾರೆ. ಎಲ್ಲರ ಮಾತೂ ನಿಜವೇ. ಯಾವ ಮಾತಿಗೆ ಎಷ್ಟು ತೂಕ ಎಂಬುದು ಮಾತ್ರ ಗೊತ್ತಿಲ್ಲದ ಕಾರಣ ಚರ್ಚೆ ಸುತ್ತಿದಲ್ಲೇ ಸುತ್ತುತ್ತದೆ. ಅದನ್ನು ಬಿಡಿಸಲು ತೂಕದ ಕೋಷ್ಟಕ ಒಳ್ಳೆಯ ದಾರಿ: ಮಾನದಂಡಗಳಿಗೆ ತೂಕ, ಊರುಗಳಿಗೆ ಅಂಕ, ಎರಡನ್ನೂ ಗುಣಿಸಿ ಕೂಡಿಸುವುದು.

ಒಂದು ಕಲ್ಪಿತ ಉದಾಹರಣೆ ಇಟ್ಟುಕೊಳ್ಳೋಣ. ಕಲಬುರಗಿ ಮೂಲದ ದಂಪತಿ, ಈಗ ಬೆಂಗಳೂರಿನಲ್ಲಿದ್ದಾರೆ. ಪತಿ ವಾಹನ ಬಿಡಿಭಾಗಗಳ ಡಿಸೈನ್ ಎಂಜಿನಿಯರ್, ಪತ್ನಿ ಅಕೌಂಟೆಂಟ್, ಮಗಳು ಮೂರನೇ ತರಗತಿ. ಅಪ್ಪ-ಅವ್ವ ಕಲಬುರಗಿಯಲ್ಲೇ. ಪತಿಗೆ ಪುಣೆಯ ಚಾಕಣ್‌ನಿಂದ ಒಂದು ಆಫರ್, ಹೈದರಾಬಾದಿನಿಂದ ಇನ್ನೊಂದು.

1. ಇದ್ದ ಊರನ್ನೂ ಸೇರಿಸಿ, ಆಗದ ಊರನ್ನು ಮೊದಲೇ ಕೈಬಿಡಿ

ಹೋಗುವ ಊರುಗಳನ್ನಷ್ಟೇ ಹೋಲಿಸಿದರೆ "ಎಲ್ಲಿಗೆ ಹೋಗಲಿ" ಎಂಬುದಕ್ಕೆ ಉತ್ತರ ಸಿಗುತ್ತದೆ, "ಹೋಗಬೇಕೇ" ಎಂಬುದಕ್ಕೆ ಸಿಗುವುದಿಲ್ಲ. ಆದ್ದರಿಂದ ಬೆಂಗಳೂರಿಗೂ ಒಂದು ಕಾಲಂ ಇರಲಿ.

ಆಮೇಲೆ ಎರಡು ಮೂರು ಕಡ್ಡಾಯ ಷರತ್ತು ಬರೆಯಿರಿ. ತಿಂಗಳಿಗೆ ಕನಿಷ್ಠ 20,000 ರೂಪಾಯಿ ಉಳಿಯಲೇಬೇಕು, ಮಗಳಿಗೆ ಈ ಜೂನ್‌ಗೇ ಶಾಲೆಯ ಸೀಟು ಸಿಗಬೇಕು, ಹೀಗೆ. ಇವುಗಳಲ್ಲಿ ಒಂದು ತಪ್ಪಿದರೂ ಆ ಊರು ಕೋಷ್ಟಕಕ್ಕೆ ಬರಬಾರದು. ಕಾರಣವಿದೆ: ಕೂಡಿಸುವ ಲೆಕ್ಕದಲ್ಲಿ ಒಂದು ಕಡೆಯ ಹೆಚ್ಚಳ ಇನ್ನೊಂದು ಕಡೆಯ ಕೊರತೆಯನ್ನು ಮುಚ್ಚಿಬಿಡುತ್ತದೆ. ಸಹಿಸಲಾಗದ ಕೊರತೆ ಒಳ್ಳೆಯ ಸಂಬಳದ ಕೆಳಗೆ ಅಡಗಿ ಕೂರಬಾರದು.

2. ವ್ಯತ್ಯಾಸ ಮಾಡದ ಸಾಲನ್ನು ತೆಗೆಯಿರಿ, ಎರಡು ಬಾರಿ ಬಂದದ್ದನ್ನು ಒಂದಾಗಿಸಿ

ವೃತ್ತಿ ತೆರಿಗೆಯನ್ನು ಕೆಲವರು ಪಟ್ಟಿಗೆ ಸೇರಿಸುತ್ತಾರೆ. ಆದರೆ ವರ್ಷಕ್ಕೆ 2,500 ರೂಪಾಯಿ ಎಂಬ ಮಿತಿಯನ್ನು ಸಂವಿಧಾನವೇ ಹಾಕಿದೆ. ಯಾವ ರಾಜ್ಯಕ್ಕೆ ಹೋದರೂ ಅದು ನಿರ್ಧಾರ ಬದಲಿಸುವ ಮೊತ್ತವಲ್ಲ. ನಮ್ಮ ಉದಾಹರಣೆಯಲ್ಲಿ ಪತ್ನಿಗೆ ಮೂರೂ ಊರಲ್ಲಿ ಅಕೌಂಟ್ಸ್ ಕೆಲಸ ಸಿಗುತ್ತದೆಂದಾದರೆ ಆ ಸಾಲೂ ಬೇಡ. ಎಷ್ಟೇ ಮುಖ್ಯವಾದ ವಿಷಯವಾಗಲಿ, ಎಲ್ಲ ಊರಿಗೂ ಒಂದೇ ಅಂಕ ಬೀಳುವಂತಿದ್ದರೆ ಅದು ಫಲಿತಾಂಶವನ್ನು ಅಲುಗಾಡಿಸುವುದಿಲ್ಲ.

ಇನ್ನೊಂದು ತಪ್ಪು ಇದಕ್ಕಿಂತ ದೊಡ್ಡದು. ಸಂಬಳ, ಬಾಡಿಗೆ, ಜೀವನವೆಚ್ಚ ಎಂದು ಮೂರು ಸಾಲು ಹಾಕಿದರೆ ಹಣಕ್ಕೆ ಮೂರು ಬಾರಿ ಮತ ಹಾಕಿದಂತೆ. ಮೂರನ್ನೂ ಸೇರಿಸಿ ಒಂದೇ ಸಾಲು ಮಾಡಿ. ಈ ದಂಪತಿಗೆ ಕೊನೆಗೆ ಉಳಿದದ್ದು ಐದು: ತಿಂಗಳ ಉಳಿತಾಯ, ಕೆಲಸಕ್ಕೆ ಓಡಾಟ, ಕಲಬುರಗಿ ತಲುಪುವ ಹೊತ್ತು, ಮುಂದಿನ ನೌಕರಿಯ ಅವಕಾಶ, ಮಗಳ ಶಾಲೆ.

3. ಸಂಬಳ ಬಿಡಿ, ಉಳಿಯುವ ಹಣ ಬರೆಯಿರಿ

ಪುಣೆಯ ಕಾಲಂ ನೋಡಿ. ಕೈಗೆ ಬರುವ ಸಂಬಳ 1,30,000 ಎಂದಿಟ್ಟುಕೊಳ್ಳಿ. ಬಾಡಿಗೆ ಮತ್ತು ಮೇಂಟೆನೆನ್ಸ್ 32,000, ಶಾಲೆ 12,000, ಮನೆಖರ್ಚು 25,000, ಓಡಾಟ 8,000, ಊರಿಗೆ ಕಳಿಸುವುದು 5,000. ಇದಕ್ಕೆ ಸ್ಥಳಾಂತರದ ಖರ್ಚೂ ಸೇರಬೇಕು. ಸಾಮಾನು ಸಾಗಣೆ, ಬ್ರೋಕರ್‌ಗೆ ಕೊಡುವ ಕಮಿಷನ್, ಶಾಲೆಯ ಪ್ರವೇಶ ಶುಲ್ಕ, ಬಾಡಿಗೆ ಕರಾರಿನ ನೋಂದಣಿ ಸೇರಿ 1,44,000 ಆದರೆ 24 ತಿಂಗಳಿಗೆ ಹಂಚಿ, ತಿಂಗಳಿಗೆ 6,000. ಎಲ್ಲ ಕಳೆದು ಉಳಿಯುವುದು 42,000.

ಡಿಪಾಜಿಟ್ ಮಾತ್ರ ಖರ್ಚಲ್ಲ, ಅದು ವಾಪಸ್ ಬರುವ ಹಣ. ಪುಣೆಯಲ್ಲಿ ಸಾಮಾನ್ಯವಾಗಿ ಎರಡು ಮೂರು ತಿಂಗಳ ಬಾಡಿಗೆಯಷ್ಟು ಡಿಪಾಜಿಟ್ ಕೇಳುತ್ತಾರೆ. ಬೆಂಗಳೂರಿನ ಅಭ್ಯಾಸಕ್ಕೆ ಹೋಲಿಸಿದರೆ ಹಗುರ. ಮಹಾರಾಷ್ಟ್ರದಲ್ಲಿ ಲೀವ್ ಅಂಡ್ ಲೈಸೆನ್ಸ್ ಕರಾರು ನೋಂದಣಿಯಾಗಲೇಬೇಕು, ಅದನ್ನು ಹೆಚ್ಚಾಗಿ 11 ತಿಂಗಳಿಗೆ ಮಾಡುತ್ತಾರೆ. ಅವಧಿ ಮುಗಿದಾಗ ಬಾಡಿಗೆ ಏರುವುದನ್ನೂ ಲೆಕ್ಕದಲ್ಲಿಡಿ. ಮನೆ ನೋಡಲು ಹೋದಾಗ ಸೊಸೈಟಿಯ ಏಪ್ರಿಲ್-ಮೇ ತಿಂಗಳ ಮೇಂಟೆನೆನ್ಸ್ ಬಿಲ್ ತೋರಿಸಲು ಹೇಳಿ. ಬೇಸಿಗೆಯಲ್ಲಿ ಟ್ಯಾಂಕರ್ ನೀರು ತರಿಸುವ ಸೊಸೈಟಿಯ ನಿಜವಾದ ಖರ್ಚು ಆಗ ಕಾಣುತ್ತದೆ.

4. ಅಂಕ ಕೊಡುವ ಮೊದಲು ಅಳತೆಗೋಲು ಬರೆದಿಡಿ

"ಓಡಾಟಕ್ಕೆ ಪುಣೆಗೆ 7 ಕೊಡೋಣ" ಎಂಬುದು ಅಳತೆಯಲ್ಲ, ಮನಸ್ಸಿನ ಒಲವು. ಪ್ರತಿ ಸಾಲಿಗೂ 0 ಎಂದರೇನು, 10 ಎಂದರೇನು ಎಂದು ಮೊದಲೇ ಬರೆಯಿರಿ.

ಉಳಿತಾಯ: 20,000 ರೂಪಾಯಿಗೆ 0, 60,000ಕ್ಕೆ 10. ಓಡಾಟ: ಒಂದು ಕಡೆಗೆ 90 ನಿಮಿಷಕ್ಕೆ 0, 30 ನಿಮಿಷಕ್ಕೆ 10. ಕಲಬುರಗಿ: ಮನೆಯಿಂದ ಮನೆಗೆ 12 ಗಂಟೆಗೆ 0, 2 ಗಂಟೆಗೆ 10.

ಓಡಾಟವನ್ನು ಕಿಲೋಮೀಟರ್‌ನಲ್ಲಿ ಅಳೆಯಬೇಡಿ. ಪಿಂಪ್ಳೆ ಸೌದಾಗರ್‌ನಿಂದ ಚಾಕಣ್ ನಕ್ಷೆಯಲ್ಲಿ ಹತ್ತಿರ ಕಾಣುತ್ತದೆ, ಆದರೆ ನಾಸಿಕ್ ರಸ್ತೆಯ ಲಾರಿಗಳ ನಡುವೆ ಹೊತ್ತು ಹೋಗುತ್ತದೆ. ಮಳೆಗಾಲದ ಸೋಮವಾರ ಬೆಳಿಗ್ಗೆ ಅದೇ ದಾರಿಯಲ್ಲಿ ಹೋಗುವವರನ್ನು ಕೇಳಿ ನಿಮಿಷ ಬರೆಯಿರಿ. 54 ನಿಮಿಷ ಎಂದರೆ 6 ಅಂಕ.

ಮುಂದೆ ಬರಲಿರುವ ಸೌಕರ್ಯಕ್ಕೆ ಅಂಕ ಬೇಡ. ಹಿಂಜವಡಿ-ಶಿವಾಜಿನಗರ ಮೆಟ್ರೊ ಮಾರ್ಗಕ್ಕೆ 2018ರ ಡಿಸೆಂಬರ್‌ನಲ್ಲಿ ಶಂಕುಸ್ಥಾಪನೆಯಾಯಿತು. 2024 ಮುಗಿದಾಗಲೂ ಅಲ್ಲಿ ಪ್ರಯಾಣಿಕರ ರೈಲು ಓಡಿರಲಿಲ್ಲ. ಇಂದು ಹತ್ತಬಹುದಾದ ರೈಲಿಗಷ್ಟೇ ಅಂಕ.

ಅಂಕಿಗೆ ಸಿಗದ ಸಾಲಿಗೂ ಆಧಾರ ಇರಲಿ. ಮುಂದಿನ ನೌಕರಿ ಎಂದರೆ, ಈ ಕೆಲಸ ಹೋದರೆ ಮನೆ ಬದಲಿಸದೆ ಸೇರಬಹುದಾದ ಕಂಪನಿಗಳು ಎಷ್ಟು ಎಂದು. ಪುಣೆಯಲ್ಲಿ ಟಾಟಾ ಮೋಟರ್ಸ್, ಬಜಾಜ್ ಆಟೊ, ಚಾಕಣ್‌ನ ಮಹೀಂದ್ರ, ಫೋಕ್ಸ್‌ವ್ಯಾಗನ್, ಮರ್ಸಿಡಿಸ್, ಇವರಿಗೆ ಬಿಡಿಭಾಗ ಒದಗಿಸುವ ಕಾರ್ಖಾನೆಗಳ ಸಾಲು, ವಾಹನ ಪರೀಕ್ಷೆಯ ಎಆರ್‌ಎಐ ಸಂಸ್ಥೆ ಇವೆ: 9. ಬೆಂಗಳೂರಿನಲ್ಲಿ ಬಾಷ್, ಬಿಡದಿಯ ಟೊಯೊಟ ಇವೆ: 8. ಹೈದರಾಬಾದ್ ಸದ್ಯದ ಅಂದಾಜಿಗೆ 4.

ಶಾಲೆಯ ವಿಷಯದಲ್ಲಿ ಮೂರೂ ರಾಜ್ಯಗಳು ತಮ್ಮ ಭಾಷೆಯ ಕಲಿಕೆಯನ್ನು ಕಾಯ್ದೆಯಿಂದ ಕಡ್ಡಾಯ ಮಾಡಿವೆ. ಮಹಾರಾಷ್ಟ್ರದ ಕಾಯ್ದೆ 2020ರದು. ಹಿಂದಿ ಓದುವ ಮಗುವಿಗೆ ಮರಾಠಿಯ ದೇವನಾಗರಿ ಹೊಸತಲ್ಲ, ಪುಣೆಗೆ 6. ತೆಲುಗು ಅಕ್ಷರಗಳು ಕನ್ನಡಕ್ಕೆ ಹತ್ತಿರವಾದರೂ ಹೊಸದಾಗಿ ತಿದ್ದಬೇಕು, ಹೈದರಾಬಾದಿಗೆ 5. ಶಾಲೆಯನ್ನೇ ಬದಲಿಸಬೇಕಿಲ್ಲದ ಬೆಂಗಳೂರಿಗೆ 9.

5. ತೂಕ ಹಾಕುವಾಗ "ಯಾವುದು ಮುಖ್ಯ" ಎಂದು ಕೇಳಬೇಡಿ

ಹಾಗೆ ಕೇಳಿದರೆ ಎಲ್ಲರೂ "ಅಪ್ಪ-ಅವ್ವನಿಗಿಂತ ಹೆಚ್ಚಿನದೇನಿದೆ" ಎನ್ನುತ್ತಾರೆ, ಲೆಕ್ಕ ಅಲ್ಲೇ ನಿಲ್ಲುತ್ತದೆ. ಇಲ್ಲಿ ತೂಗುತ್ತಿರುವುದು ಅಪ್ಪ-ಅವ್ವನನ್ನಲ್ಲ; 12 ಗಂಟೆಯ ಪ್ರಯಾಣ 2 ಗಂಟೆಗೆ ಇಳಿಯುವುದಕ್ಕೆ ನೀವು ಕೊಡುವ ಬೆಲೆಯನ್ನು.

ಹೀಗೆ ಮಾಡಿ. ಐದೂ ಸಾಲಿನಲ್ಲಿ 0 ಇರುವ ಒಂದು ಊರನ್ನು ಊಹಿಸಿ. ಒಂದನ್ನು ಮಾತ್ರ 10ಕ್ಕೆ ಏರಿಸಬಹುದು ಎಂದರೆ ಮೊದಲು ಯಾವುದು? ಅದಕ್ಕೆ 100 ಕೊಡಿ. ಉಳಿದವುಗಳನ್ನು ಅದಕ್ಕೆ ಹೋಲಿಸಿ ಇಳಿಸುತ್ತ ಬನ್ನಿ. ಈ ದಂಪತಿ ಮುಂದಿನ ನೌಕರಿಗೆ 100, ಉಳಿತಾಯಕ್ಕೆ 80, ಕಲಬುರಗಿಗೆ 65, ಓಡಾಟಕ್ಕೆ 50, ಶಾಲೆಗೆ 35 ಕೊಟ್ಟರು. ಒಟ್ಟು 330. ನೂರಕ್ಕೆ ಇಳಿಸಿ ಐದರ ಹತ್ತಿರದ ಸಂಖ್ಯೆಗೆ ತಂದರೆ 30, 25, 20, 15, 10.

ಗಂಡ-ಹೆಂಡತಿ ಇದನ್ನು ಬೇರೆ ಬೇರೆ ಹಾಳೆಯಲ್ಲಿ ಮಾಡಿ, ಆಮೇಲೆ ಎದುರುಬದುರು ಇಡಿ. ಅಂಕ ನೋಡುವ ಮೊದಲೇ ತೂಕ ಒಪ್ಪಿಕೊಂಡು ದಿನಾಂಕ ಹಾಕಿ. ಇಲ್ಲದಿದ್ದರೆ ಮನಸ್ಸಿಗೆ ಹಿಡಿಸಿದ ಊರು ಗೆಲ್ಲುವ ತನಕ ತೂಕ ಬದಲಾಗುತ್ತಲೇ ಇರುತ್ತದೆ.

6. ಗುಣಿಸಿ, ಕೂಡಿಸಿ, ಒಂದೇ ಹಾಳೆಯಲ್ಲಿ ನೋಡಿ

| ಮಾನದಂಡ | ತೂಕ | ಬೆಂಗಳೂರು | ಪುಣೆ | ಹೈದರಾಬಾದ್ |
|---|---|---|---|---|
| ತಿಂಗಳ ಉಳಿತಾಯ | 25 | 2.5 | 5.5 | 7.5 |
| ಓಡಾಟ | 15 | 2.5 | 6 | 7 |
| ಕಲಬುರಗಿ ತಲುಪಲು | 20 | 1 | 4 | 7 |
| ಮುಂದಿನ ನೌಕರಿ | 30 | 8 | 9 | 4 |
| ಶಾಲೆ | 10 | 9 | 6 | 5 |
| ಹತ್ತಕ್ಕೆ ಒಟ್ಟು | 100 | 4.50 | 6.375 | 6.025 |

ಎಕ್ಸೆಲ್ ಅಥವಾ ಗೂಗಲ್ ಶೀಟ್‌ನಲ್ಲಿ ತೂಕ B ಕಾಲಂನಲ್ಲಿ, ಬೆಂಗಳೂರು C ಕಾಲಂನಲ್ಲಿ ಇದ್ದರೆ C7ರಲ್ಲಿ ಇದನ್ನು ಬರೆದು ಬಲಕ್ಕೆ ಎಳೆಯಿರಿ:

```
=SUMPRODUCT($B$2:$B$6,C2:C6)/100
```

7. ಗೆದ್ದ ಊರನ್ನು ಅಲುಗಾಡಿಸಿ ನೋಡಿ

ಪುಣೆ ಗೆದ್ದಿತು ಎಂದು ಈಗಲೇ ಸಾಮಾನು ಕಟ್ಟಬೇಡಿ. ಮುಂದಿನ ನೌಕರಿಯ ತೂಕದಿಂದ 5 ತೆಗೆದು ಕಲಬುರಗಿಗೆ ಕೊಡಿ. ಪುಣೆ 6.125ಕ್ಕೆ ಇಳಿಯುತ್ತದೆ, ಹೈದರಾಬಾದ್ 6.175ಕ್ಕೆ ಏರುತ್ತದೆ. ಇಷ್ಟು ಸಣ್ಣ ಬದಲಾವಣೆಗೆ ಸ್ಥಾನ ಅದಲುಬದಲಾದರೆ ಎರಡೂ ಸಮ ಎಂದೇ ತಿಳಿಯಿರಿ. ಬೆಂಗಳೂರು ಮಾತ್ರ ಬಹಳ ಹಿಂದಿದೆ. ಐದೂ ಸಾಲಿಗೆ ಸಮ ತೂಕ ಕೊಟ್ಟರೂ ಅದು ಕೊನೆಗೇ ನಿಲ್ಲುತ್ತದೆ. ಹೊರಡಬೇಕೇ ಎಂಬ ಪ್ರಶ್ನೆ ಅಲ್ಲಿಗೆ ಮುಗಿಯಿತು.

ಇನ್ನು ಅಂಕಗಳನ್ನು ಒಂದೊಂದಾಗಿ ಅಲುಗಾಡಿಸಿ. ಹೈದರಾಬಾದಿನ ಮುಂದಿನ ನೌಕರಿಗೆ ಕೊಟ್ಟ 4 ಈ ಹಾಳೆಯಲ್ಲೇ ಅತ್ಯಂತ ದುರ್ಬಲ ಅಂಕ, ಏಕೆಂದರೆ ಅದು ಬರೀ ಅಂದಾಜು. ಅದು 5.2 ಆದರೆ ಸಾಕು, ಹೈದರಾಬಾದ್ ಪುಣೆಯನ್ನು ದಾಟುತ್ತದೆ. ಹಾಗಾದರೆ ಈ ವಾರ ಮಾಡಬೇಕಾದ ಕೆಲಸ ಸ್ಪಷ್ಟ: ಅಲ್ಲಿ ಇದೇ ಕ್ಷೇತ್ರದಲ್ಲಿರುವ ನಾಲ್ಕೈದು ಜನರಿಗೆ ಫೋನ್ ಮಾಡಿ, ಕಳೆದ ವರ್ಷ ನೌಕರಿ ಬದಲಿಸಿದವರು ಎಲ್ಲಿಗೆ ಹೋದರು ಎಂದು ಕೇಳುವುದು. ಎರಡನೆಯ ಫೋನ್ ಕಲಬುರಗಿಗೆ: "ವರ್ಷದಾಗ ಮೂರು ನಾಲ್ಕು ತಿಂಗಳು ನಮ್ಮ ಕೂಡ ಬಂದು ಇರ್ತೀರೇನು?" ಅವರು ಹೂಂ ಎಂದರೆ ಪ್ರಯಾಣದ ಗಂಟೆಗಳ ತೂಕ ಇಳಿಯುತ್ತದೆ, ಪುಣೆ ಗಟ್ಟಿಯಾಗುತ್ತದೆ. ಆಗುವುದಿಲ್ಲ ಎಂದರೆ ಆ ತೂಕ ಏರುತ್ತದೆ, ಹೈದರಾಬಾದ್ ಮುಂದೆ ಬರುತ್ತದೆ. ಎರಡೂ ಉತ್ತರ ಬಂದ ಮೇಲೆ ಒಮ್ಮೆ ಮಾತ್ರ ಲೆಕ್ಕ ತಿದ್ದಿ, ಆಫರ್‌ಗೆ ಉತ್ತರ ಕೊಡಿ.